ಮುಟ್ಟಿನ ನೋವಿಗೆ ಮಾತ್ರೆ ಕೊಟ್ಟರೆ ಗರ್ಭಕೋಶ ಕೆಡುತ್ತದಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರ್. ಎಂಟರಿಂದ ಹತ್ತನೇ ತರಗತಿಯ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಒಂದು ಆರೋಗ್ಯ ಮಾತುಕತೆ ಇಡಬೇಕು ಅಂತಿದ್ದೇವೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಕಥೆ ನನ್ನನ್ನು ಕಾಡುತ್ತಿದೆ. 14 ವರ್ಷ, ತೂಕ 42 ಕೆಜಿ. ಹನ್ನೆರಡೂವರೆಗೆ ದೊಡ್ಡವಳಾದಳು, ಮೊದಲ ವರ್ಷ ಏನೂ ತೊಂದರೆ ಇರಲಿಲ್ಲವಂತೆ. ಈಗ ಪ್ರತಿ ತಿಂಗಳು ಮೊದಲ ದಿನ ಹೊಟ್ಟೆ ಹಿಡಿದು ಬೆಂಚಿನ ಮೇಲೆ ಮಲಗುತ್ತಾಳೆ, ವಾಂತಿ ಮಾಡುತ್ತಾಳೆ, ಬೆವರುತ್ತಾಳೆ. ತಡೆಯಲಾಗದೆ ಅತ್ತಾಗ ಆಫೀಸಿನಿಂದ ಒಂದು ಪ್ಯಾರಸಿಟಮಾಲ್ ಕೊಡುತ್ತೇವೆ, ಅದೂ ವಾಂತಿಯಲ್ಲಿ ಹೋಗುತ್ತದೆ. ಅವರವ್ವ ಮಾತ್ರೆ ಬೇಡವೇ ಬೇಡ ಅನ್ನುತ್ತಾರೆ: ಕೆಟ್ಟ ರಕ್ತ ಒಳಗೇ ಉಳಿಯುತ್ತದೆ, ಮುಂದೆ ಮಕ್ಕಳಾಗಲ್ಲ, ಮದುವೆಯಾದರೆ ತಾನೇ ಸರಿಹೋಗುತ್ತದೆ ಅಂತ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್, ಪ್ಯಾಡ್ ಬಿಟ್ಟು ಬಟ್ಟೆ ಬಳಸುವುದರಿಂದಲೇ ನೋವು ಬರುತ್ತದೆ ಅನ್ನುತ್ತಾರೆ. ನಾವು ಮಕ್ಕಳಿಗೆ ಏನು ಹೇಳಬೇಕು? ಶಾಲೆಯಲ್ಲಿ ಮಾತ್ರೆ ಕೊಡಬಹುದಾ?

ಉತ್ತರ: ಮೇಡಂ, ನೀವು ಬರೆದ ಒಂದು ಸಣ್ಣ ವಿವರ ನನಗೆ ಬಹಳ ಉಪಯೋಗಕ್ಕೆ ಬಂತು: ಮೊದಲ ವರ್ಷ ನೋವೇ ಇರಲಿಲ್ಲ, ಆಮೇಲೆ ಶುರುವಾಯಿತು ಅನ್ನುವುದು. ಮನೆಯವರಿಗೆ ಇದೇ ಹೆದರಿಕೆ ಹುಟ್ಟಿಸುತ್ತದೆ. "ಮೊದಲು ಚೆನ್ನಾಗಿದ್ದಳು, ಈಗ ಒಳಗೆ ಏನೋ ಕೆಟ್ಟಿದೆ" ಅಂತ. ನಮಗೆ ವೈದ್ಯರಿಗೆ ಇದು ಸಮಾಧಾನ ಕೊಡುವ ಸುದ್ದಿ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ಹೆಚ್ಚಿನ ಹುಡುಗಿಯರಲ್ಲಿ ಅಂಡಾಶಯದಿಂದ ಪ್ರತಿ ತಿಂಗಳು ಅಂಡ ಹೊರಬರುವುದಿಲ್ಲ. ದಿನಗಳು ಏರುಪೇರಾಗುವುದೂ ಅದಕ್ಕೇ. ಅಂಡ ಬರಲು ಶುರುವಾದ ಮೇಲೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿ ತಯಾರಾಗುತ್ತದೆ. ನೋವಿಗೆ ಕಾರಣ ಅದು. ಅಂದರೆ ಆ ಹುಡುಗಿಯ ದೇಹ ಕೆಟ್ಟಿಲ್ಲ, ಬೆಳೆದು ತನ್ನ ಕೆಲಸಕ್ಕೆ ಹತ್ತಿದೆ.

ಮಕ್ಕಳಿಗೆ ಹೇಳುವಾಗ ಈ ಪ್ರೊಸ್ಟಗ್ಲಾಂಡಿನ್ ಅನ್ನು ಬಿಡಬೇಡಿ. ಹೆಸರು ಉದ್ದ ಇದೆ ಅಂತ ಬಿಟ್ಟರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ. ಗರ್ಭಕೋಶ ಒಂದು ಸ್ನಾಯು. ಒಳಪದರ ಕಳಚುವ ಹೊತ್ತಿಗೆ ಈ ರಾಸಾಯನಿಕ ಬಿಡುಗಡೆಯಾಗುತ್ತದೆ, ಸ್ನಾಯು ಬಿಗಿಯಾಗಿ ಹಿಂಡಿಕೊಳ್ಳುತ್ತದೆ. ಹಿಂಡಿದಾಗ ಅದರೊಳಗಿನ ರಕ್ತನಾಳಗಳೂ ಅಮುಕಿಹೋಗುತ್ತವೆ, ಸ್ನಾಯುವಿಗೆ ಆಮ್ಲಜನಕ ಸಾಲದೆ ನೋಯುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಂಡಾಗ ಹೇಗಿರುತ್ತದೋ, ಹೊಟ್ಟೆಯೊಳಗೆ ಅಂಥದ್ದೇ. ಅದೇ ರಾಸಾಯನಿಕ ರಕ್ತದಲ್ಲಿ ಸೇರಿ ಕರುಳಿಗೂ ಹೋಗುತ್ತದೆ. ವಾಂತಿ, ಭೇದಿ, ತಲೆನೋವು, ಬೆವರು, ತಲೆಸುತ್ತು ಎಲ್ಲ ಅಲ್ಲಿಂದಲೇ. ನಿಮ್ಮ ಹುಡುಗಿ ನಾಟಕ ಮಾಡುತ್ತಿಲ್ಲ. ನೀವು ಹಾಗೆ ಅಂದುಕೊಂಡಿಲ್ಲ ಅಂತ ಗೊತ್ತು, ಆದರೆ "ಗಣಿತದ ಟೆಸ್ಟ್ ಇದ್ದಾಗಲೇ ಇವಳಿಗೆ ಬರುತ್ತದೆ" ಅನ್ನುವವರು ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಇರುತ್ತಾರೆ ಅಲ್ವಾ, ಅವರಿಗೆ ಈ ಮಾತು.

ಈಗ ಅವ್ವನ ಮಾತಿಗೆ ಬರೋಣ. ಮಾತ್ರೆ ತೆಗೆದುಕೊಂಡರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಅನ್ನುವ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ತರಹದ ಮಾತ್ರೆ ನುಂಗಿದ ತಿಂಗಳು ರಕ್ತ ಹೋಗುವುದು ನಿಜಕ್ಕೂ ಕಡಿಮೆಯಾಗುತ್ತದೆ. ಜಾಸ್ತಿ ಹೋಗುವವರಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹೆಂಗಸರು ತಮ್ಮ ಮೈಯಲ್ಲಿ ನೋಡಿದ್ದು ಸರಿ, ಅದಕ್ಕೆ ಕೊಟ್ಟುಕೊಂಡ ಕಾರಣ ತಪ್ಪು. ಪ್ರೊಸ್ಟಗ್ಲಾಂಡಿನ್ ತಯಾರಾಗುವುದು ಕಡಿಮೆಯಾದಾಗ ಒಳಪದರದಿಂದ ರಕ್ತ ಒಸರುವುದೇ ಕಡಿಮೆಯಾಗುತ್ತದೆ, ಒಳಗೆ ಎಲ್ಲೂ ಶೇಖರವಾಗುವುದಿಲ್ಲ. ಮುಟ್ಟಿನ ರಕ್ತ ಬಹಳ ಹೋಗುತ್ತದೆ ಅನ್ನಿಸಿದರೂ ಸಾಮಾನ್ಯವಾಗಿ ಒಂದು ಸಲದ ಮುಟ್ಟಿಗೆಲ್ಲ ಸೇರಿ 30ರಿಂದ 40 ಮಿಲಿ ಅಷ್ಟೇ, ಮೂರು ಟೇಬಲ್ ಚಮಚಕ್ಕಿಂತ ಕಡಿಮೆ. ಅದು ಮೈಯ ಕೊಳೆಯಲ್ಲ. ಕೈ ಕೊಯ್ದರೆ ಬರುವ ರಕ್ತವೇ, ಜೊತೆಗೆ ಆ ತಿಂಗಳು ಬೇಡವಾದ ಪದರ. ನಾನು ಮಾತಾಡಲು ಹೋದ ಕಡೆಯೆಲ್ಲ ತಾಯಂದಿರಿಗೆ "ನಿಮ್ಮದು ಮೂಢನಂಬಿಕೆ" ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಹೌದು, ಕಡಿಮೆ ಹೋಗುತ್ತದೆ, ಯಾಕೆ ಗೊತ್ತಾ?" ಅಂತ ಕೇಳಿದರೆ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ.

ಮಕ್ಕಳಾಗಲ್ಲ ಅನ್ನುವ ಮಾತಿನ ಹಿಂದೆಯೂ ಒಂದು ಎಳೆ ನಿಜ ಇದೆ, ಅದನ್ನು ಮುಚ್ಚಿಡುವುದು ಬೇಡ. ಈ ಗುಂಪಿನ ನೋವಿನ ಮಾತ್ರೆಯನ್ನು ತಿಂಗಳ ನಡುವೆ, ಅಂಡ ಹೊರಬರುವ ದಿನಗಳಲ್ಲಿ, ಬಿಡದೆ ತೆಗೆದುಕೊಂಡರೆ ಆ ತಿಂಗಳು ಅಂಡ ಬಿಡುಗಡೆ ತಡವಾಗಬಹುದು ಅಥವಾ ತಪ್ಪಬಹುದು. ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಮುಟ್ಟಿನ ಮೊದಲ ಎರಡು ಮೂರು ದಿನ ತೆಗೆದುಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ದಿನಗಳಲ್ಲಿ ಅಂಡ ಹೊರಬರುವ ಕೆಲಸವೇ ನಡೆಯುತ್ತಿರುವುದಿಲ್ಲ. ಗರ್ಭಕೋಶ ಒಣಗುವುದು, ಸಣ್ಣದಾಗುವುದು, ಬಂಜೆಯಾಗುವುದು ಇಂಥದ್ದೇನೂ ಆಗುವುದಿಲ್ಲ.

ಮದುವೆಯಿಂದ ಸರಿಹೋಗುತ್ತದೆ ಅನ್ನುವುದಕ್ಕೆ ಜಾಸ್ತಿ ಹೇಳಲ್ಲ. ಕೆಲವರಿಗೆ ಹೆರಿಗೆಯ ನಂತರ ನೋವು ಕಡಿಮೆಯಾಗುತ್ತದೆ, ಕೆಲವರಿಗೆ ವಯಸ್ಸಾದಂತೆ ಸುಮ್ನೆ ಕಡಿಮೆಯಾಗುತ್ತದೆ, ಕೆಲವರಿಗೆ ಎರಡರಿಂದಲೂ ಆಗುವುದಿಲ್ಲ. 14ರ ಹುಡುಗಿಯ ಮುಂದೆ ಆ ಮಾತು ಎತ್ತುವುದೇ ತಪ್ಪು. 18ಕ್ಕೆ ಮೊದಲು ಮದುವೆ ಮಾಡುವುದು ಅಪರಾಧ ಅಂತ ಒಮ್ಮೆ ಸ್ಪಷ್ಟವಾಗಿ ಹೇಳಿ ಮುಂದೆ ಹೋಗಿ.

ಇನ್ನು ಮಾತ್ರೆ. ನಿಮ್ಮ ಶಾಲೆಯಲ್ಲಿ ಆಗುತ್ತಿರುವ ಎಡವಟ್ಟು ಹೊತ್ತಿನದ್ದು. ಈ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ, ಆಗಲೇ ತಯಾರಾಗಿ ರಕ್ತಕ್ಕೆ ಸೇರಿದ್ದನ್ನು ಅಳಿಸುವುದಿಲ್ಲ. ಹುಡುಗಿ ಬೆಂಚಿನ ಮೇಲೆ ಮಲಗಿ, ಎರಡು ಸಲ ವಾಂತಿ ಮಾಡಿಕೊಂಡು, ಅಳು ತಡೆಯಲಾಗದೆ ಹೋದ ಮೇಲೆ ಕೊಟ್ಟರೆ ಅದು ಕೆಲಸ ಶುರುಮಾಡುವ ಹೊತ್ತಿಗೆ ಅವಳು ಮನೆಗೆ ಹೋಗಿ ಮಲಗಿರುತ್ತಾಳೆ, "ಮಾತ್ರೆಯಿಂದ ಏನೂ ಆಗಲ್ಲ" ಅನ್ನುವ ಹೆಸರು ಮಾತ್ರ ಉಳಿಯುತ್ತದೆ. ಜೊತೆಗೆ ನೀವು ಕೊಡುವುದು ಪ್ಯಾರಸಿಟಮಾಲ್. ಅದು ಸುರಕ್ಷಿತ, ಆದರೆ ಮುಟ್ಟಿನ ನೋವಿಗೆ ಸ್ವಲ್ಪ ಮೆತ್ತಗೆ. ಸಹಿಸಬಹುದಾದ ನೋವಿಗೆ ಸಾಕು, ಇವಳಂಥ ನೋವಿಗೆ ಸಾಮಾನ್ಯವಾಗಿ ಸಾಕಾಗುವುದಿಲ್ಲ.

ಇವಳ ವಿಷಯದಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ. ಮೊದಲು ಮೂರು ವಿಷಯ ಕೇಳುತ್ತೇನೆ: ಆಸ್ತಮಾ ಇದೆಯಾ, ಹೊಟ್ಟೆ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇದೆಯಾ, ಹಿಂದೆ ಯಾವುದಾದರೂ ನೋವಿನ ಮಾತ್ರೆಗೆ ಮೈಮೇಲೆ ಗಂಧೆ ಎದ್ದಿತ್ತಾ. ಎಲ್ಲದಕ್ಕೂ ಇಲ್ಲ ಅಂತಾದರೆ ಐಬುಪ್ರೊಫೆನ್ 400 ಮಿಗ್ರಾಂ, ಊಟ ಅಥವಾ ತಿಂಡಿಯ ಮೇಲೆ, ಎಂಟು ಗಂಟೆಗೊಂದರಂತೆ, ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ, ಎರಡು ದಿನ, ಬೇಕಾದರೆ ಮೂರನೇ ದಿನವೂ. ಅವಳ ತೂಕ 42 ಕೆಜಿ ಅಂದಿರಿ, ಅದಕ್ಕೆ ಈ ಲೆಕ್ಕ. 40 ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ ಇದೇ ಗುಳಿಗೆ ಕೊಡಬೇಡಿ, ಅವರಿಗೆ ಡೋಸ್ ಕಡಿಮೆ, ಅದನ್ನು ವೈದ್ಯರು ತೂಕ ನೋಡಿ ಬರೆಯಬೇಕು. ಇದರ ಬದಲು ಮೆಫೆನಾಮಿಕ್ ಆಸಿಡ್ ಕೊಡುವುದೂ ಉಂಟು. ಎರಡರಲ್ಲಿ ಒಂದು ಮಾತ್ರ. ಎರಡನ್ನೂ ಸೇರಿಸಿದರೆ ನೋವು ಇನ್ನಷ್ಟು ಇಳಿಯುವುದಿಲ್ಲ, ಹೊಟ್ಟೆ ಉರಿ ಮಾತ್ರ ಹೆಚ್ಚುತ್ತದೆ.

ಶುರು ಯಾವಾಗ? ರಕ್ತ ಕಂಡ ಕೂಡಲೇ, ನೋವು ಏರುವುದನ್ನು ಕಾಯದೆ. ಕೆಲವು ಹುಡುಗಿಯರಿಗೆ ಹಿಂದಿನ ರಾತ್ರಿಯೇ ಸೊಂಟ ಸೆಳೆತ, ತೊಡೆ ಭಾರ ಶುರುವಾಗುತ್ತದೆ, ಅವರು ಆಗಲೇ ಶುರುಮಾಡಬಹುದು. ಇದಕ್ಕಾಗಿಯೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ದಿನ ಬರೆದುಕೊಳ್ಳಲು ಕಲಿಸಿ. ಮುಟ್ಟು ಶುರುವಾದ ತಾರೀಖು, ಎಷ್ಟು ದಿನ ಹೋಯಿತು, ನೋವು ಯಾವಾಗಿನಿಂದ ಯಾವಾಗಿನವರೆಗೆ, ಮಾತ್ರೆ ಎಷ್ಟು ಗಂಟೆಗೆ. ಇಷ್ಟು ಸಾಕು. ಈ ವಯಸ್ಸಿನಲ್ಲಿ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 21ರಿಂದ 45 ದಿನ ಇರಬಹುದು, ಹಾಗಾಗಿ 28ಕ್ಕೇ ಬರಬೇಕು ಅಂತ ಗಾಬರಿಯಾಗುವುದು ಬೇಡ.

ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ಬೇಡ ಅಂದೆ. ಹಳ್ಳಿ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಚಹಾ ಕುಡಿದು ಬಂದಿರುತ್ತಾರೆ, ಅದು ನನಗೂ ಗೊತ್ತು. ಬೆಳಿಗ್ಗೆ ಶಾಲೆಯಲ್ಲಿ ಹಾಲೋ ರಾಗಿ ಮಾಲ್ಟೋ ಕೊಡುವ ಹೊತ್ತೇ ಒಳ್ಳೆಯ ಹೊತ್ತು, ಅದರ ಜೊತೆ ಎರಡು ಬಿಸ್ಕತ್ತು ಇದ್ದರೆ ಇನ್ನೂ ಒಳ್ಳೆಯದು. ಮುಂದಿನದ್ದನ್ನು ಸಂಜೆ ಮನೆಯಲ್ಲಿ ಏನಾದರೂ ತಿಂದು ತೆಗೆದುಕೊಳ್ಳಬಹುದು. ನುಂಗಿ ಕೆಲವೇ ನಿಮಿಷದಲ್ಲಿ ವಾಂತಿಯಾಗಿ ಇಡೀ ಮಾತ್ರೆ ಹೊರಗೆ ಬಂದಿದ್ದು ಕಂಡರೆ ಇನ್ನೊಂದು ಕೊಡಬಹುದು. ಕಾಣದಿದ್ದರೆ ಸುಮ್ಮನಿರಿ, ಮುಂದಿನ ಹೊತ್ತಿನವರೆಗೆ ಶಾಖ ಕೊಡಿ.

ಶಾಖ ಅಂದರೆ ಅಜ್ಜಿ ಮದ್ದು ಅಂತ ಮೂಗು ಮುರಿಯಬೇಡಿ, ಕಿಬ್ಬೊಟ್ಟೆಗೆ ಬಿಡದೆ ಹಿತವಾದ ಶಾಖ ಕೊಟ್ಟರೆ ನೋವು ಚೆನ್ನಾಗಿ ಇಳಿಯುತ್ತದೆ. ಮಾತ್ರೆ ಒಲ್ಲೆ ಅನ್ನುವ ಮನೆಯಲ್ಲಿ ಇದನ್ನೇ ಮೊದಲು ಹಿಡಿಸಿ. ಬಿಸಿಯೂಟದ ಅಡುಗೆಮನೆಯಿಂದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿ, ಮುಚ್ಚಳ ಬಿಗಿಮಾಡಿ, ಟವೆಲ್‌ನಲ್ಲಿ ಎರಡು ಸುತ್ತು ಸುತ್ತಿ ಹೊಟ್ಟೆ ಮೇಲೆ ಇಡಿ. ಬರೀ ಬಾಟಲಿ ಇಟ್ಟು ಬೊಬ್ಬೆ ಎದ್ದಿದ್ದನ್ನು ನೋಡಿದ್ದೇನೆ, ಅದಕ್ಕೆ ಈ ಟವೆಲ್ ಮಾತು. ಓಡಾಡುವುದೂ ಒಳ್ಳೆಯದೇ, ಆಟದ ಪೀರಿಯಡ್‌ನಲ್ಲಿ ಆ ದಿನ ಕೂರಲೇಬೇಕು ಅಂತೇನಿಲ್ಲ. ಹುಣಸೆ, ಮೊಸರು, ತಣ್ಣೀರು ಬಿಟ್ಟರೆ ನೋವು ಬರಲ್ಲ ಅನ್ನುವುದಕ್ಕೆ ಆಧಾರ ಇಲ್ಲ. ಮೊದಲೇ ಮೈಯಲ್ಲಿ ರಕ್ತ ಕಡಿಮೆ ಇರುವ ಮಕ್ಕಳಿಗೆ ತಿಂಗಳಲ್ಲಿ ನಾಲ್ಕೈದು ದಿನ ಊಟವನ್ನೂ ಕಡಿಮೆ ಮಾಡುವುದಷ್ಟೇ ಆಗುತ್ತದೆ. ಜೀರಿಗೆ ಕಷಾಯ ಬೇಕಾದರೆ ಕುಡಿಯಲಿ, ಬಿಸಿ ಇದ್ದರೆ ಹಿತ.

ಮಾತ್ರೆಯ ಅಪಾಯವನ್ನೂ ಹೇಳಬೇಕು, ಇಲ್ಲದಿದ್ದರೆ ವಾಟ್ಸಾಪ್ ಹೇಳುತ್ತದೆ. 2023ರ ನವೆಂಬರ್ ಕೊನೆಯಲ್ಲಿ ಔಷಧಿಗಳ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಡ್ರೆಸ್ ಸಿಂಡ್ರೋಮ್ ಅನ್ನುವ ತೀವ್ರ ಅಲರ್ಜಿ ಬರಬಹುದು ಅಂತ. ಆಮೇಲೆ ಎಷ್ಟೋ ತಾಯಂದಿರು ಫೋನ್ ಹಿಡಿದು ಬಂದರು. ಅದು ಮಾತ್ರೆಯ ನಿಷೇಧ ಆಗಿರಲಿಲ್ಲ, ಕಣ್ಣಿಡಿ ಅನ್ನುವ ಮಾತು. ಮಾತ್ರೆ ತೆಗೆದುಕೊಂಡ ನಂತರದ ದಿನ ಅಥವಾ ವಾರಗಳಲ್ಲಿ ಜ್ವರ, ಮೈತುಂಬ ಕೆಂಪು ದದ್ದು, ಮುಖ ಊತ, ಕುತ್ತಿಗೆಯಲ್ಲಿ ಗಂಟು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಮಳೆಗಾಲದಲ್ಲಿ ನೆನಪಿಡಬೇಕಾದದ್ದು: ಮುಟ್ಟಿನ ಜೊತೆ ಜ್ವರವೂ ಇದ್ದರೆ ಐಬುಪ್ರೊಫೆನ್, ಮೆಫೆನಾಮಿಕ್ ಎರಡೂ ಬೇಡ. ಡೆಂಗ್ಯೂ ಆಗಿದ್ದರೆ ಇವುಗಳಿಂದ ರಕ್ತಸ್ರಾವ ಹೆಚ್ಚಬಹುದು. ಆಗ ಪ್ಯಾರಸಿಟಮಾಲ್, ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ.

ಶಾಲೆಯಲ್ಲಿ ಕೊಡಬಹುದಾ ಅಂದಿರಿ. ಆಫೀಸಿನ ಡಬ್ಬಿಯಿಂದ ಎಲ್ಲರಿಗೂ ಹಂಚುವ ಪದ್ಧತಿ ಬೇಡ, ನಿಮಗೇ ತಲೆನೋವು. ಆರೋಗ್ಯ ಕೇಂದ್ರದ ವೈದ್ಯರಿಗೆ ಒಮ್ಮೆ ತೋರಿಸಿ ಚೀಟಿ ಬರೆಸಿಕೊಳ್ಳಿ, ಅವ್ವನ ಅಥವಾ ಅಪ್ಪನ ಒಪ್ಪಿಗೆ ಬರಹದಲ್ಲಿ ಇರಲಿ, ಆ ಹುಡುಗಿಯ ಹೆಸರು ಬರೆದ ಸ್ಟ್ರಿಪ್ ನಿಮ್ಮ ಬಳಿ ಇರಲಿ. ಕೊಟ್ಟಾಗ ಗಂಟೆ ಬರೆದು ಮನೆಗೂ ಹೇಳಿ ಕಳಿಸಿ, ಇಲ್ಲದಿದ್ದರೆ ಅಲ್ಲಿ ಇನ್ನೊಂದು ಕೊಟ್ಟುಬಿಡುತ್ತಾರೆ. ಮಾತುಕತೆಗೆ ತಾಯಂದಿರನ್ನೂ ಕರೆಯಿರಿ ಅಂತ ನಾನು ಹಟ ಮಾಡುವುದು ಇದಕ್ಕೇ. ಹುಡುಗಿಗೆ ಎಷ್ಟು ತಿಳಿದರೂ ಮಾತ್ರೆ ನುಂಗಬೇಕೋ ಬೇಡವೋ ಅನ್ನುವುದು ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ. ಮಕ್ಕಳ ಪ್ರಶ್ನೆಗಳನ್ನು ಮಾತ್ರ ಹೆಸರಿಲ್ಲದ ಚೀಟಿಯಲ್ಲಿ, ಹಿಂದಿನ ದಿನವೇ, ಬೇರೆಯಾಗಿ ಬರೆಸಿಕೊಳ್ಳಿ. ಅವ್ವನ ಎದುರು ಯಾರೂ ಕೈ ಎತ್ತುವುದಿಲ್ಲ.

ನಿಮ್ಮ ಸಹೋದ್ಯೋಗಿ ಹೇಳಿದ ಬಟ್ಟೆಯ ವಿಷಯ. ಬಟ್ಟೆ ಬಳಸುವುದರಿಂದ ಈ ಸೆಳೆತದ ನೋವು ಬರುವುದಿಲ್ಲ. ನೋವು ಒಳಗಿನದ್ದು, ಬಟ್ಟೆ ಹೊರಗಿನದ್ದು. ಪ್ಯಾಡ್ ಬಳಸುವ ಪಟ್ಟಣದ ಹುಡುಗಿಯರಿಗೂ ಇದೇ ನೋವು. ಬಟ್ಟೆ ಬಳಸುವ ಮಕ್ಕಳ ಮನಸ್ಸಿಗೆ "ನಾನು ಕೊಳಕು, ಅದಕ್ಕೆ ನೋವು" ಅಂತ ಹತ್ತಿಸಬೇಡಿ ದಯವಿಟ್ಟು. ಬಟ್ಟೆಯಿಂದ ಆಗುವ ತೊಂದರೆ ಬೇರೆ: ಯಾರಿಗೂ ಕಾಣದಿರಲಿ ಅಂತ ಲಂಗದ ಕೆಳಗೆ, ಬಚ್ಚಲ ಮೂಲೆಯಲ್ಲಿ ಒಣಗಿಸಿ, ಅರ್ಧ ಒದ್ದೆ ಇದ್ದಾಗಲೇ ಮತ್ತೆ ಹಾಕಿಕೊಂಡರೆ ತುರಿಕೆ, ಬೂಸ್ಟು ಸೋಂಕು ಬರುತ್ತದೆ. ತಣ್ಣೀರಲ್ಲಿ ರಕ್ತ ಬಿಡಿಸಿ, ಸೋಪು ಹಾಕಿ ತಿಕ್ಕಿ, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ದೋಷವಿಲ್ಲ. ಬಿಸಿಲಿಗೆ ಹಾಕಲು ನಾಚಿಕೆಯಾದರೆ ಮೇಲೊಂದು ತೆಳು ಓಢಣಿ ಹೊದಿಸಲಿ, ಬಿಸಿಲು ಗಾಳಿ ಎರಡೂ ತಾಗುತ್ತವೆ. ಪ್ಯಾಡ್ ಹಾಕುವವರ ತೊಂದರೆ ಇನ್ನೊಂದು ಬಗೆಯದ್ದು. ಬೆಳಿಗ್ಗೆ ಎಂಟಕ್ಕೆ ಹಾಕಿದ್ದನ್ನು ಸಂಜೆ ಐದಕ್ಕೆ ತೆಗೆಯುತ್ತಾರೆ, ತೊಡೆಸಂದಿ ಉಜ್ಜಿ ಗಾಯ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ ಅಂತ ಹೇಳುವುದು ಸುಲಭ, ಅದಕ್ಕೆ ಶೌಚಾಲಯದಲ್ಲಿ ನೀರು, ಒಳಗಿನಿಂದ ಹಾಕುವ ಚಿಲಕ, ಮುಚ್ಚಳದ ಡಬ್ಬಿ ಬೇಕು. ಮಾತುಕತೆಗೆ ಮೊದಲು ಆ ಚಿಲಕ ಒಮ್ಮೆ ನೋಡಿ ಬನ್ನಿ. ತೊಳೆಯಲು ಬರೀ ನೀರು ಸಾಕು, ಒಳಗೆ ಸೋಪು, ಡೆಟಾಲ್ ಹಾಕುವುದು ಬೇಡ.

ಹಾಗಾದರೆ ಯಾವ ನೋವು ಮಾಮೂಲಿಯಲ್ಲ? ಅಂಟಿಕೊಂಡಂತಿರುವ ಕೆಟ್ಟ ವಾಸನೆಯ ಬಿಳಿ ಅಥವಾ ಹಸಿರು ಸ್ರಾವ ಮತ್ತು ಜ್ವರದ ಜೊತೆ ಬರುವ ಕಿಬ್ಬೊಟ್ಟೆ ನೋವು. ಮುಟ್ಟಿಲ್ಲದ ದಿನಗಳಲ್ಲೂ ಇರುವ, ಅಥವಾ ತಿಂಗಳಿಂದ ತಿಂಗಳಿಗೆ ಏರುತ್ತಲೇ ಹೋಗುವ, ಯಾವಾಗಲೂ ಒಂದೇ ಪಕ್ಕಕ್ಕೆ ಬರುವ ನೋವು. ಮೊಟ್ಟಮೊದಲ ಮುಟ್ಟಿನಿಂದಲೇ ಜೋರಾಗಿದ್ದ ನೋವು. ನೋವಿರಲಿ ಬಿಡಲಿ, ಒಂದೆರಡು ಗಂಟೆಗೇ ಪ್ಯಾಡ್ ತೊಯ್ದುಹೋಗುತ್ತಿದ್ದರೆ, ಏಳು ದಿನ ಮೀರಿ ಹೋಗುತ್ತಿದ್ದರೆ ಅದನ್ನೂ ತೋರಿಸಬೇಕು, ರಕ್ತ ಹೆಪ್ಪುಗಟ್ಟುವ ತೊಂದರೆ ಕೆಲವರಲ್ಲಿ ಹೀಗೇ ಮೊದಲು ಕಾಣುವುದು.

ಇದರಲ್ಲಿ ಎಲ್ಲರೂ ಮರೆಯುವ ಒಬ್ಬ ಹುಡುಗಿ ಇದ್ದಾಳೆ: ಇನ್ನೂ ದೊಡ್ಡವಳೇ ಆಗಿಲ್ಲ, 14 ಅಥವಾ 15 ವರ್ಷ, ಎದೆ ಬೆಳೆದಿದೆ, ಪ್ರತಿ ತಿಂಗಳು ಎರಡು ಮೂರು ದಿನ ಹೊಟ್ಟೆನೋವು ಬಂದು ಹೋಗುತ್ತದೆ, ಕೆಲವೊಮ್ಮೆ ಮೂತ್ರವೂ ಕಟ್ಟುತ್ತದೆ. ಗ್ಯಾಸ್ಟ್ರಿಕ್ ಅಂತ ಔಷಧಿ ಕೊಡಿಸುತ್ತಿರುತ್ತಾರೆ. ಕೆಳಗೆ ಪೊರೆ ಮುಚ್ಚಿಕೊಂಡಿದ್ದು ರಕ್ತ ಹೊರಗೆ ಬರಲು ದಾರಿಯೇ ಇಲ್ಲದಿರಬಹುದು. "ರಕ್ತ ಒಳಗೇ ಉಳಿಯುವುದು" ನಿಜವಾಗಿ ಆಗುವುದು ಇಂಥ ಅಪರೂಪದ ಹುಡುಗಿಯರಲ್ಲಿ. ಸಾಮಾನ್ಯವಾಗಿ ಸಣ್ಣ ಆಪರೇಷನ್‌ನಿಂದ ಸರಿಹೋಗುತ್ತದೆ, ತಡಮಾಡಬಾರದು. ಮಾತುಕತೆಯಲ್ಲಿ ಇದನ್ನು ಒಂದು ವಾಕ್ಯದಲ್ಲಾದರೂ ಹೇಳಿ, ಇನ್ನೂ ಮುಟ್ಟಾಗದ ಮಕ್ಕಳನ್ನೂ ಕೂರಿಸಿಕೊಳ್ಳಿ.

ನಿಮ್ಮ ಹುಡುಗಿಗೆ ಸರಿಯಾದ ಹೊತ್ತಿಗೆ, ಸರಿಯಾದ ಡೋಸ್‌ನಲ್ಲಿ ಮೂರು ಮುಟ್ಟು ಮಾತ್ರೆ ಕೊಟ್ಟೂ ಶಾಲೆ ತಪ್ಪುತ್ತಿದ್ದರೆ ಆಗ ಸ್ತ್ರೀರೋಗ ತಜ್ಞರ ಬಳಿ ಕಳಿಸಿ. ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಅನ್ನುವ ಕಾಯಿಲೆ ಹದಿಹರೆಯದಲ್ಲೂ ಇರುತ್ತದೆ. ಕೆಲವರಿಗೆ ಹಾರ್ಮೋನ್ ಮಾತ್ರೆ ಬರೆಯುತ್ತೇವೆ. ಅಂಡ ಬರುವುದು ನಿಂತು ಒಳಪದರ ತೆಳುವಾದರೆ ನೋವಿನ ರಾಸಾಯನಿಕವೂ ಕಡಿಮೆ. ಇದು ಅಂಗಡಿಯಿಂದ ತಂದು ನುಂಗುವಂಥದ್ದಲ್ಲ. ಕಣ್ಣೆದುರು ಬೆಳಕು ಮಿಂಚಿದಂತಾಗಿ ಶುರುವಾಗುವ ಮೈಗ್ರೇನ್ ತಲೆನೋವು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇವೆಲ್ಲ ಕೇಳಿಯೇ ಕೊಡಬೇಕು.

ಹೆಚ್ಚಿನ ಅವ್ವಂದಿರು ಆಸ್ಪತ್ರೆಗೆ ಬಾರದಿರುವುದಕ್ಕೆ ಇನ್ನೊಂದು ಕಾರಣ, ಬಾಯಿಬಿಟ್ಟು ಹೇಳದ್ದು: ಮದುವೆಯಾಗದ ಹುಡುಗಿಗೆ ಒಳಗೆ ಪರೀಕ್ಷೆ ಮಾಡಿಬಿಡುತ್ತಾರೇನೋ ಅಂತ. ಇಲ್ಲ. ಈ ನೋವಿಗೆ ಅದು ಬೇಕಾಗುವುದಿಲ್ಲ. ಕೇಳಿ ತಿಳಿದುಕೊಳ್ಳುತ್ತೇವೆ, ಹೊಟ್ಟೆ ಮುಟ್ಟಿ ನೋಡುತ್ತೇವೆ, ಬೇಕಾದರೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್. ಅದಕ್ಕೆ ಮೂತ್ರ ತುಂಬಿರಬೇಕು, ನೀರು ಕುಡಿಸಿಕೊಂಡು ಬನ್ನಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಸಣ್ಣ ಸಣ್ಣ ನೀರುಗುಳ್ಳೆ ಅಂತ ಬರೆದಿದ್ದರೆ ಪಿಸಿಒಡಿ ಅಂತ ಹೆದರಬೇಡಿ, ಈ ವಯಸ್ಸಿನ ಅಂಡಾಶಯ ಹಾಗೇ ಕಾಣುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇರುತ್ತದೆ, ಅಲ್ಲಿಂದ ಶುರುಮಾಡಿದರೆ ಸುಲಭ. ಬರುವಾಗ ಆ ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ತರಲಿ. ಎಷ್ಟು ಗಂಟೆಗೆ ಮಾತ್ರೆ, ಎಷ್ಟು ಗಂಟೆಗೆ ನೋವು ಅಂತ ಅದರಲ್ಲಿ ಇದ್ದರೆ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ.